40 ನಿಮಿಷದ ಡೆಮೊ ವಿಡಿಯೊವನ್ನು ಎಲ್ಲಿ ಕತ್ತರಿಸಬೇಕು?

“ನಮ್ಮ ಅಡಿಕೆ ಸುಲಿಯೋ ಮೆಷಿನ್‌ದು 40 ನಿಮಿಷದ ಡೆಮೊ ವಿಡಿಯೊ ಇದೆ. ಪೂರ್ತಿ ಯಾರೂ ನೋಡಲ್ಲ. ಅದರಿಂದಲೇ ಶಾರ್ಟ್ಸ್, ಕ್ಯಾಪ್ಷನ್, ಕೋಟ್ ಕಾರ್ಡ್ ಎಲ್ಲ ಮಾಡೋದು ಹೇಗೆ?”

ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವ ಮೊದಲು ವಿಡಿಯೊವನ್ನು ಕಾಗದಕ್ಕೆ ಇಳಿಸಿ. ಒಂದು ಹಾಳೆಯಲ್ಲಿ ಮೂರು ಕಾಲಂ ಸಾಕು: ಸಮಯ, ಆಡಿದ ಮಾತು, ಆಗ ತೆರೆಯ ಮೇಲೆ ಕಾಣುತ್ತಿರುವುದು. ಮಾತನ್ನು ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಅರ್ಧ ದಿನದ ಕೆಲಸ ಇದು, ಆದರೆ ಕ್ಲಿಪ್, ಕ್ಯಾಪ್ಷನ್, ಕಾರ್ಡ್ ಮೂರೂ ಹುಟ್ಟುವುದು ಇದೇ ಹಾಳೆಯಿಂದ.

ಬರೆದು ಮುಗಿದ ಮೇಲೆ ಬೆಳೆಗಾರರು ಕೇಳುವ ಪ್ರಶ್ನೆಗಳನ್ನು ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. ಹಸಿ ಅಡಿಕೆ ಒಡೆಯುತ್ತಾ? ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುತ್ತಾ? ಚಾಲಿಗೂ ಇದೇ ಮೆಷಿನ್ ಆಗುತ್ತಾ? ಸಿಪ್ಪೆ ಸಿಕ್ಕಿಕೊಂಡರೆ ಬಿಚ್ಚುವುದು ಹೇಗೆ? ಒಂದು ಪ್ರಶ್ನೆಗೆ ಒಂದು ಕ್ಲಿಪ್. 40 ನಿಮಿಷದಲ್ಲಿ ಇಂಥವು ಏಳೆಂಟು ಸಿಗುತ್ತವೆ. ಇಪ್ಪತ್ತು ಮಾಡಲು ಹೊರಟರೆ ಹೇಳಿದ್ದನ್ನೇ ಹೇಳುವ ಕ್ಲಿಪ್‌ಗಳಾಗುತ್ತವೆ.

ಇನ್ನು ಕತ್ತರಿಸುವ ಜಾಗ. ಹೆಚ್ಚಿನ ಕ್ಲಿಪ್‌ಗಳು ಕೆಡುವುದು ಇಲ್ಲಿಯೇ, ಅದಕ್ಕೆ ಕಾರಣ ನಾವು ಮಾತಾಡುವ ರೀತಿ. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ವಾಕ್ಯದ ಮೊದಲಿಗೆ ಬರುತ್ತದೆ, ‘ಇಲ್ಲ’ ಅನ್ನುವುದು ಕಟ್ಟಕಡೆಗೆ. ಡೆಮೊದ 14:06ರಲ್ಲಿ ಮೆಷಿನ್ ತೋರಿಸುವವರು ಹೀಗೆ ಹೇಳುತ್ತಾರೆ ಎಂದುಕೊಳ್ಳಿ: “ಸಣ್ಣ ಕಾಯಿ ದೊಡ್ಡ ಕಾಯಿ ಬೇರೆ ಮಾಡ್ಕೊಂಡು, ಗ್ಯಾಪ್ ಅದಕ್ಕೆ ಸರಿಯಾಗಿ ಇಟ್ಕೊಂಡ್ರೆ, ಹಸಿ ಅಡಿಕೆ ಕೂಡ ಒಡೆಯೋದಿಲ್ಲ.” ಮೊದಲ ಸೆಕೆಂಡಿನಲ್ಲೇ ವಿಷಯಕ್ಕೆ ಬರಬೇಕು ಎಂಬ ಆತುರದಲ್ಲಿ ಎಡಿಟ್ ಮಾಡುವವರು ಮೊದಲ ಭಾಗವನ್ನು ಹಾರಿಸಿ ‘ಹಸಿ ಅಡಿಕೆ ಕೂಡ ಒಡೆಯೋದಿಲ್ಲ’ ಎಂಬಲ್ಲಿಂದ ಶುರು ಮಾಡುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅದು ಈಗ ಸುಳ್ಳು. ಅದನ್ನು ನಂಬಿ ಕೊಂಡವರು ಕಾಯಿ ವಿಂಗಡಿಸದೆ ಸುರಿಯುತ್ತಾರೆ, ಅಡಿಕೆ ಒಡೆಯುತ್ತದೆ, ಒಡೆದ ಅಡಿಕೆಗೆ ರೇಟು ಬೀಳುತ್ತದೆ. ಪೂರ್ತಿ ಡೆಮೊದಲ್ಲಿ ಷರತ್ತು ಹೇಳಿದ್ದೆವು ಎಂಬ ಸಮಜಾಯಿಷಿ ಆಗ ನಡೆಯುವುದಿಲ್ಲ.

ವಾಕ್ಯದ ಬಾಲಕ್ಕೂ ಇದೇ ಅಪಾಯ. ‘ಇಲ್ಲ’ ಬರುವ ಹೊತ್ತಿಗೆ ದನಿ ಇಳಿದಿರುತ್ತದೆ, ಎಡಿಟರ್ ತೋರಿಸುವ ದನಿಯ ಅಲೆಯ ಚಿತ್ರದಲ್ಲಿ ಅದು ಮೌನದಂತೆಯೇ ಕಾಣುತ್ತದೆ. ಮೌನವನ್ನು ತಾನಾಗಿ ತೆಗೆಯುವ ಸೌಲಭ್ಯ ಆನ್ ಇದ್ದರೆ ‘ಒಡೆಯೋದಿ’ ಎಂಬಲ್ಲಿಗೇ ತುಂಡಾಗುತ್ತದೆ. ಮಾತು ಮುಗಿದ ಮೇಲೂ ಅರ್ಧ ಸೆಕೆಂಡು, ಅಂದರೆ ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ 15 ಫ್ರೇಮ್, ಬಿಟ್ಟು ಕತ್ತರಿಸಿ.

ಹಾಗಾದರೆ ನೋಡುವವರನ್ನು ಹಿಡಿದಿಡುವುದು ಹೇಗೆ? ಮಾತನ್ನು ಮೊಟಕು ಮಾಡಬೇಡಿ, ದೃಶ್ಯವನ್ನು ಮುಂದಕ್ಕೆ ತನ್ನಿ. ಇಡೀ ಅಡಿಕೆ ತಟ್ಟೆಗೆ ಉರುಳುವ ದೃಶ್ಯ 14:33ರಲ್ಲಿ ಇದ್ದರೆ ಅದರ ಎರಡು ಸೆಕೆಂಡು ತೆಗೆದು ಮೊದಲಿಗೆ ಹಾಕಿ, ಮೇಲೆ ‘ಹಸಿ ಅಡಿಕೆ ಒಡೆಯುತ್ತಾ?’ ಎಂದು ಬರೆಯಿರಿ. ಆಮೇಲೆ ಷರತ್ತಿನ ಸಮೇತ ಪೂರ್ತಿ ವಾಕ್ಯ, ಕಾಯಿ ಹಾಕುವುದು, ಕೊನೆಗೆ ಬೊಗಸೆಯಲ್ಲಿ ಸುಲಿದ ಅಡಿಕೆ. ಯೂಟ್ಯೂಬ್ ಶಾರ್ಟ್ಸ್‌ಗೆ ಈಗ 3 ನಿಮಿಷದವರೆಗೆ ಅವಕಾಶ ಇದ್ದರೂ ಒಂದು ಪ್ರಶ್ನೆಗೆ 35–40 ಸೆಕೆಂಡು ಧಾರಾಳ.

ಅಡ್ಡ ವಿಡಿಯೊವನ್ನು ಫೋನಿನ ಉದ್ದ ಚೌಕಟ್ಟಿಗೆ ಇಳಿಸುವಾಗ ಸ್ವಲ್ಪ ಲೆಕ್ಕ ಬೇಕು. 1920×1080ರ ಚಿತ್ರದಿಂದ ಉದ್ದ ಚೌಕಟ್ಟು ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಸುಮಾರು 608 ಪಿಕ್ಸೆಲ್, ಮೂರನೇ ಒಂದು ಪಾಲಿಗಿಂತ ಕಡಿಮೆ. ಅದನ್ನು 1080ಕ್ಕೆ ಹಿಗ್ಗಿಸಿದಾಗ ಚಿತ್ರ ಮೆತ್ತಗಾಗುತ್ತದೆ. ಮುಂದಿನ ಡೆಮೊವನ್ನು 4ಕೆ‌ಯಲ್ಲಿ ತೆಗೆದರೆ ಈ ತೊಂದರೆ ಇಲ್ಲ, ಕತ್ತರಿಸಿದ ಮೇಲೂ 1215 ಪಿಕ್ಸೆಲ್ ಅಗಲ ಇರುತ್ತದೆ. ಈಗಿರುವ 1920×1080ರ ವಿಡಿಯೊವನ್ನು ffmpeg ಎಂಬ ಸಾಫ್ಟ್‌ವೇರ್‌ನಲ್ಲಿ ಹೀಗೆ ಕತ್ತರಿಸಬಹುದು:

```
ffmpeg -ss 00:14:06 -to 00:14:41 -i demo.mp4 \
 -vf "crop=608:1080:900:0,scale=1080:1920,setsar=1" \
 -c:v libx264 -crf 18 -c:a aac clip01.mp4
```

ಇಲ್ಲಿ 900 ಎಂದರೆ ಚೌಕಟ್ಟು ಎಡ ಅಂಚಿನಿಂದ ಎಷ್ಟು ಪಿಕ್ಸೆಲ್ ಆಚೆ ಶುರುವಾಗಬೇಕು ಎಂಬುದು. ಮೆಷಿನ್ ಎಲ್ಲಿ ನಿಂತಿದೆ ನೋಡಿ ಅದನ್ನು ಬದಲಿಸಿ. ಕಾಯಿ ಹಾಕುವ ಬಾಯಿ ಎಡಕ್ಕೂ ಅಡಿಕೆ ಬೀಳುವ ತಟ್ಟೆ ಬಲಕ್ಕೂ ಇದ್ದರೆ ಒಂದು ಚೌಕಟ್ಟಿನಲ್ಲಿ ಎರಡೂ ಹಿಡಿಸುವುದಿಲ್ಲ. ಆಗ ತೆರೆಯನ್ನು ಅಡ್ಡಲಾಗಿ ಎರಡು ಮಾಡಿ, ಮೇಲೆ ಬಾಯಿ, ಕೆಳಗೆ ತಟ್ಟೆ ತೋರಿಸಿ. ಕ್ಯಾಮೆರಾ ಆಚೀಚೆ ಓಡಿದಂತೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು, ಹಾಕಿದ್ದು ಮತ್ತು ಬಂದದ್ದು ಒಟ್ಟಿಗೇ ಕಾಣುತ್ತದೆ. ಬೇಗ ಆಗಲಿ ಎಂದು `-c copy` ಬಳಸಬೇಡಿ. ಅದು ಕೀಫ್ರೇಮ್, ಅಂದರೆ ಚಿತ್ರ ಪೂರ್ತಿಯಾಗಿ ದಾಖಲಾದ ಫ್ರೇಮ್, ಇರುವಲ್ಲಿ ಮಾತ್ರ ಕತ್ತರಿಸಬಲ್ಲದು, ಹಾಗಾಗಿ ಹಿಂದಿನ ವಾಕ್ಯದ ಚೂರು ಸೇರಿಕೊಳ್ಳಬಹುದು ಅಥವಾ ಚಿತ್ರ ಶುರುವಿನಲ್ಲಿ ನಿಂತುಬಿಡಬಹುದು. ಕ್ರಾಪ್ ಅಂತೂ ಅದರ ಜೊತೆ ಆಗುವುದೇ ಇಲ್ಲ.

ಮೆಷಿನ್ ಓಡುವ ಸದ್ದಿನಲ್ಲಿ ಮಾತು ಮುಳುಗುವುದರಿಂದ ಇಂಥ ವಿಡಿಯೊಗೆ ಕ್ಯಾಪ್ಷನ್ ಬೇಕೇ ಬೇಕು. ಒಂದು ಬಾರಿಗೆ ಎರಡು ಸಾಲು, ಸಾಲಿಗೆ 12–14 ಅಕ್ಷರ. ಸಾಫ್ಟ್‌ವೇರ್ ತೋರಿಸುವ ಎಣಿಕೆಯನ್ನು ನಂಬಬೇಡಿ: ‘ಯಂತ್ರಕ್ಕೆ’ ನಮಗೆ ಮೂರಕ್ಷರ, ಕಂಪ್ಯೂಟರಿಗೆ ಒಂಬತ್ತು ಚಿಹ್ನೆ. ಷರತ್ತು ಮತ್ತು ‘ಇಲ್ಲ’ ಒಂದೇ ಬಾರಿಗೆ ಕಾಣುವ ಹಾಗೆ ಒಡೆಯಿರಿ:

```
1
00:00:02,000 --> 00:00:04,300
ಸಣ್ಣ ಕಾಯಿ ದೊಡ್ಡ ಕಾಯಿ
ಬೇರೆ ಮಾಡ್ಕೊಂಡು

2
00:00:04,300 --> 00:00:07,900
ಗ್ಯಾಪ್ ಅದಕ್ಕೆ ಸರಿಯಾಗಿ ಇಟ್ಕೊಂಡ್ರೆ
ಹಸಿ ಅಡಿಕೆ ಕೂಡ ಒಡೆಯೋದಿಲ್ಲ
```

ಇದು .srt ಎಂಬ ಕ್ಯಾಪ್ಷನ್ ಫೈಲಿನ ರೂಪ. ಮಿಲಿಸೆಕೆಂಡಿನ ಮೊದಲು ಅಲ್ಪವಿರಾಮವೇ ಬರಬೇಕು, ಚುಕ್ಕಿಯಲ್ಲ. ಫೈಲನ್ನು ಯೂನಿಕೋಡ್‌ನಲ್ಲಿ, ಯುಟಿಎಫ್-8 ಆಗಿ ಉಳಿಸಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಲ್ಲಿ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಕೆಲವು ಎಡಿಟರ್‌ಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಯಂತ್ರ’ ಎಂಬುದು ‘ಯಂತ್‌ರ’ ಆಗಿದೆಯೇ ಎಂದು ತಯಾರಾದ ವಿಡಿಯೊವನ್ನು ಫೋನಿನಲ್ಲೇ ನೋಡಿ. ಕ್ಯಾಪ್ಷನ್ನನ್ನು ತೆರೆಯ ನಡುವಿನಿಂದ ಸ್ವಲ್ಪ ಕೆಳಗೆ ಇಡಿ. ತೀರಾ ಬುಡದಲ್ಲಿಟ್ಟರೆ ಚಾನೆಲ್ ಹೆಸರು, ಶೀರ್ಷಿಕೆಗಳ ಅಡಿಗೆ ಹೋಗುತ್ತದೆ.

ಕೋಟ್ ಕಾರ್ಡಿಗೆ 1080×1350 ಅಳತೆ, ಹದಿನೈದು ಪದದೊಳಗಿನ ಒಂದು ಮಾತು. ಆಡುಮಾತನ್ನು ಬರಹಕ್ಕೆ ತಿದ್ದಬಹುದು, ಬಲ ಹೆಚ್ಚಿಸಬಾರದು, ಷರತ್ತನ್ನು ಬಿಡಲೂಬಾರದು: “ಕಾಯಿ ವಿಂಗಡಿಸಿ, ಗ್ಯಾಪ್ ಸರಿ ಇಟ್ಟರೆ ಹಸಿ ಅಡಿಕೆಯೂ ಒಡೆಯುವುದಿಲ್ಲ.” ಷರತ್ತನ್ನು ಸಣ್ಣಕ್ಷರದಲ್ಲಿ ಕೆಳಗೆ ತಳ್ಳಬೇಡಿ, ಎರಡೂ ಒಂದೇ ಗಾತ್ರದಲ್ಲಿರಲಿ. ಸಾಲುಗಳ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಹಿನ್ನೆಲೆಗೆ ಮೆಷಿನ್ ಓಡುತ್ತಿರುವ ಫ್ರೇಮ್ ಬೇಡ, ಕಲಸಿಹೋಗಿರುತ್ತದೆ. ಬೊಗಸೆ ತೋರಿಸಿ ಕೈ ನಿಲ್ಲಿಸಿದ ಕ್ಷಣದ ಫ್ರೇಮ್ ತೆಗೆಯಿರಿ.

ಬೆಲೆ ಮತ್ತು ಸಬ್ಸಿಡಿ ಹೇಳಿದ ಭಾಗವನ್ನು ಕ್ಲಿಪ್ ಮಾಡಲೇಬೇಡಿ. ಬೆಲೆ ಏರಿದ ಮೇಲೂ ಆ ಕ್ಲಿಪ್ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ, ವಾಪಸ್ ಪಡೆಯಲು ಆಗುವುದಿಲ್ಲ. ಬೆಲೆಯನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆಯಿರಿ, ಅಲ್ಲಾದರೆ ಬೇಕೆಂದಾಗ ತಿದ್ದಬಹುದು.