ಕೇಳಿ ಕಲಿಯುತ್ತೋ, ಕಲಿತೇ ಹುಟ್ಟುತ್ತೋ: ‘-ಇಸು’ ಹೇಳುವ ಸಾಕ್ಷಿ

“ಮಗು ನಾವು ಆಡೋ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತಾ, ಇಲ್ಲ ವ್ಯಾಕರಣ ಹುಟ್ಟುವಾಗಲೇ ತಲೆಯಲ್ಲಿರುತ್ತಾ?”

ಪದಗಳು ಕೇಳಿಯೇ ಬರುತ್ತವೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ಜಗಳ ಶುರುವಾಗುವುದು ಯಾರೂ ಆಡದ ಮಾತನ್ನು ಮಗು ಆಡಿದಾಗ. ಭಾಷಾವಿಜ್ಞಾನಿ ಮೆಲಿಸ್ಸಾ ಬವರ್ಮನ್ ದಾಖಲಿಸಿದ ಇಂಗ್ಲಿಷ್ ಮಕ್ಕಳ ಮಾತುಗಳಲ್ಲಿ “ಡೋಂಟ್ ಗಿಗಲ್ ಮಿ” ಎಂಬುದೊಂದಿದೆ. ‘ನನ್ನನ್ನು ನಗಿಸಬೇಡ’ ಎನ್ನುವುದು ಅದರ ಅರ್ಥ. ಇಂಗ್ಲಿಷ್ ದೊಡ್ಡವರು ಹೀಗೆ ಹೇಳುವುದಿಲ್ಲ, ಹಾಗಾಗಿ ಇದು ಗಿಳಿಪಾಠವಲ್ಲ. ಕ್ರಿಯಾಪದದ ಜೊತೆ ಇಬ್ಬರು ಕಂಡರೆ ಒಬ್ಬರು ಇನ್ನೊಬ್ಬರಿಂದ ಆ ಕೆಲಸ ಮಾಡಿಸಿದರು ಅನ್ನುವ ಲೆಕ್ಕವನ್ನು ಮಗು ಹಿಡಿದುಕೊಂಡಿದೆ.

ಆ ಲೆಕ್ಕ ಬಂದದ್ದೆಲ್ಲಿಂದ? ಇಂಗ್ಲಿಷನ್ನಷ್ಟೇ ನೋಡಿದರೆ ತೀರ್ಪು ಕೊಡಲಾಗುವುದಿಲ್ಲ. ಅಲ್ಲಿ ಬಾಗಿಲು ತೆರೆದುಕೊಂಡರೂ ‘ಓಪನ್’, ಯಾರಾದರೂ ತೆರೆದರೂ ‘ಓಪನ್’. ಇಂಥ ಹತ್ತಾರು ಪದ ಕೇಳಿದ ಮಗು ಲೆಕ್ಕವನ್ನು ಅಲ್ಲಿಂದಲೇ ಕಲಿತಿರಬಹುದು. ‘ಮಾಡಿಸು’ ಎಂಬ ಅರ್ಥಕ್ಕೆ ಪ್ರತ್ಯೇಕ ಪ್ರತ್ಯಯವಿರುವ ಭಾಷೆ ಬೇಕು. ನಮ್ಮಲ್ಲಿ ಅದಿದೆ: ನಗು–ನಗಿಸು, ಏರು–ಏರಿಸು, ಓಡು–ಓಡಿಸು.

ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಕನ್ನಡ ಮಾತಾಡುವ ಮೂರು ವರ್ಷದ ಆಸುಪಾಸಿನ ಮಕ್ಕಳ ಮೇಲೆ. ಮಗುವಿನ ಮುಂದೆ ಪ್ರಾಣಿಗಳ ಬೊಂಬೆ ಇಡುತ್ತಾರೆ, ಒಂದು ವಾಕ್ಯ ಹೇಳುತ್ತಾರೆ, ಅದನ್ನು ಬೊಂಬೆಗಳಿಂದ ಆಡಿ ತೋರಿಸು ಅನ್ನುತ್ತಾರೆ. ವಾಕ್ಯದಲ್ಲಿ ನಾಮಪದ ಒಂದಿರಬಹುದು, ಎರಡಿರಬಹುದು. ಕ್ರಿಯಾಪದಕ್ಕೆ ‘-ಇಸು’ ಹತ್ತಿರಬಹುದು, ಇಲ್ಲದಿರಬಹುದು. ಒಟ್ಟು ನಾಲ್ಕು ಜೋಡಣೆ. ಅವುಗಳಲ್ಲಿ ಕೆಲವು ಬೇಕೆಂದೇ ತಪ್ಪಾಗಿ ಕಟ್ಟಿದವು: “ಕುದುರೆ ಏರಿಸುತ್ತೆ” ಎಂಬಲ್ಲಿ ಪ್ರತ್ಯಯವಿದೆ, ಏರಿಸಿಕೊಳ್ಳುವವರು ಕಾಣುವುದಿಲ್ಲ. “ಆನೆ ಕುದುರೆಯನ್ನು ನಗುತ್ತೆ” ಎಂಬಂಥದರಲ್ಲಿ ಇಬ್ಬರಿದ್ದಾರೆ, ಪ್ರತ್ಯಯವಿಲ್ಲ. (ಈ ವಾಕ್ಯಗಳು ಮಾದರಿಗಷ್ಟೇ.)

ಕೇಳಿದ್ದರಿಂದಲೇ ಕಲಿಯುವುದಾದರೆ ಮಗು ‘-ಇಸು’ವನ್ನು ನಂಬಬೇಕು. ನಾಮಪದದ ಎಣಿಕೆ ಕನ್ನಡದಲ್ಲಿ ಅಷ್ಟು ಭರವಸೆಯದಲ್ಲ. “ಮಗು ಚಂದ್ರನನ್ನು ನೋಡಿತು” ಎಂಬಲ್ಲಿ ಇಬ್ಬರಿದ್ದರೂ ಯಾರೂ ಯಾರಿಂದಲೂ ಏನೂ ಮಾಡಿಸಿಲ್ಲ. ಮೇಲಾಗಿ ನಾವು ನಾಮಪದಗಳನ್ನು ಧಾರಾಳವಾಗಿ ಬಿಟ್ಟುಬಿಡುತ್ತೇವೆ; ಮನೆಯಲ್ಲಿ “ಇಳಿಸೇ” ಅಂದರೆ ಸಾಕು, ಯಾರನ್ನು ಯಾರು ಎಂದು ಹೇಳಬೇಕಿಲ್ಲ.

ಫಲಿತಾಂಶ ತಿರುಗುಮುರುಗಾಗಿತ್ತು. ಎರಡು ನಾಮಪದ ಕೇಳಿದಾಗ ಮಕ್ಕಳು ಒಂದು ಬೊಂಬೆ ಇನ್ನೊಂದರಿಂದ ಕೆಲಸ ಮಾಡಿಸುವಂತೆ ಆಡಿ ತೋರಿಸಿದರು, ಒಂದೇ ಇದ್ದಾಗ ಹಾಗೆ ಮಾಡಿಸಲಿಲ್ಲ. ‘-ಇಸು’ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ದೊಡ್ಡವರು ಮಾತ್ರ ಪ್ರತ್ಯಯಕ್ಕೆ ಕಿವಿಗೊಟ್ಟರು. ಪಾತ್ರಧಾರಿಗಳ ಸಂಖ್ಯೆಗೂ ನಾಮಪದಗಳ ಸಂಖ್ಯೆಗೂ ನಂಟಿದೆ ಎಂಬ ನಿರೀಕ್ಷೆಯನ್ನು ಮಗು ತಾನೇ ತಂದಿರುತ್ತದೆ, ಪ್ರತ್ಯಯವನ್ನು ಆಮೇಲೆ ಕಲಿಯುತ್ತದೆ ಎಂಬುದು ಸಂಶೋಧಕರ ವಾದ.

ಈ ವಾದಕ್ಕೆ ಒಳ್ಳೆಯ ಪ್ರತಿವಾದವೂ ಇದೆ. ಅಡೆಲ್ ಗೋಲ್ಡ್‌ಬರ್ಗ್ 2004ರಲ್ಲಿ ಹೇಳಿದ್ದರ ತಿರುಳಿಷ್ಟು: ಘಟನೆಯಲ್ಲಿ ಇದ್ದವರನ್ನೇ ನಾವು ಹೆಸರಿಸುತ್ತೇವೆ, ಇಲ್ಲದವರನ್ನು ಸುಮ್ಮನೆ ಎಳೆದು ತರುವುದಿಲ್ಲ. ಇದು ಮಾತುಕತೆಯ ಸಾಮಾನ್ಯ ವಿವೇಕ, ಇದಕ್ಕೆ ಹುಟ್ಟಿನಿಂದ ಬಂದ ವ್ಯಾಕರಣ ಬೇಕಿಲ್ಲ. ಇನ್ನೊಂದು ಮಿತಿಯೂ ಇದೆ. ಆ ಮಕ್ಕಳು ಅಷ್ಟರಲ್ಲಾಗಲೇ ಮೂರು ವರ್ಷ ಕನ್ನಡ ಕೇಳಿದ್ದರು, ಹಾಗಾಗಿ ಹುಟ್ಟುವಾಗ ಏನಿತ್ತು ಎಂಬುದನ್ನು ಈ ಪ್ರಯೋಗ ನೇರವಾಗಿ ತೋರಿಸುವುದಿಲ್ಲ. ‘-ಇಸು’ ಕೂಡ ನೂರಕ್ಕೆ ನೂರು ನಂಬಿಕಸ್ಥ ಗುರುತಲ್ಲ: ಪ್ರೀತಿಸು, ಯೋಚಿಸು ಎಂಬಲ್ಲಿ ಯಾರಿಂದಲೂ ಮಾಡಿಸುವುದಿಲ್ಲ, ನಾಮಪದವನ್ನು ಕ್ರಿಯಾಪದ ಮಾಡುತ್ತದೆ ಅಷ್ಟೇ. ಸಣ್ಣ ಮಕ್ಕಳ ಕಿವಿಗೆ ಇಂಥವು ಬೀಳುವುದು ಕಡಿಮೆ ಎನ್ನಬಹುದು, ಆದರೂ ಆಕ್ಷೇಪ ಆಕ್ಷೇಪವೇ.

ಕಲಿಕೆಯ ಪಕ್ಷಕ್ಕೆ ನಿಜವಾದ ಬಲ ಸಿಗುವುದು ತಪ್ಪು ಹೋಗುವ ರೀತಿಯಲ್ಲಿ. ‘ಗಿಗಲ್ ಮಿ’ ಎನ್ನುತ್ತಿದ್ದ ಮಗು ಯಾರೂ ತಿದ್ದದಿದ್ದರೂ ಅದನ್ನು ಬಿಡುತ್ತದೆ. ಬೆನ್ ಆಂಬ್ರಿಜ್ ಮತ್ತು ಸಂಗಡಿಗರು 2008ರಲ್ಲಿ ಮಕ್ಕಳಿಂದ ತಪ್ಪು ವಾಕ್ಯಗಳಿಗೆ ಅಂಕ ಹಾಕಿಸಿದರು. ಹೆಚ್ಚು ಬಳಕೆಯ ‘ಲಾಫ್’ ಇಟ್ಟು ಕಟ್ಟಿದ ತಪ್ಪು, ಕಡಿಮೆ ಬಳಕೆಯ ‘ಗಿಗಲ್’ ಇಟ್ಟು ಕಟ್ಟಿದ ಅದೇ ತಪ್ಪಿಗಿಂತ ಕೆಟ್ಟದಾಗಿ ಕೇಳಿಸಿತು. ಒಂದು ಪದವನ್ನು ಸರಿಯಾದ ಚೌಕಟ್ಟಿನಲ್ಲಿ ಹೆಚ್ಚು ಸಲ ಕೇಳಿದಷ್ಟೂ ತಪ್ಪಿಗೆ ಜಾಗ ಕಮ್ಮಿ. ಇದು ಕೇಳಿದ್ದರ ಎಣಿಕೆಯ ಕೆಲಸ.

ನನ್ನ ಮಟ್ಟಿಗೆ ಮೊದಲ ಊಹೆ ಮಗುವಿನದು, ತಿದ್ದುಪಡಿ ಕೇಳಿದ ಮಾತಿನದು. ಆ ಊಹೆ ವ್ಯಾಕರಣದ್ದೋ ಲೋಕವಿವೇಕದ್ದೋ ಎಂಬುದನ್ನು ಈ ಪ್ರಯೋಗ ಬಗೆಹರಿಸಿಲ್ಲ.

ಮನೆಯಲ್ಲೇ ನೋಡುವ ಆಸೆಯಿದ್ದರೆ ಬೀಳಿಸು, ಕೂರಿಸು ಬಳಸಬೇಡಿ. ದಿನವೂ ಕೇಳುವ ಅವು ಮಗುವಿಗೆ ಇಡಿಯಾಗಿ ಬಾಯಿಪಾಠವಾಗಿರಬಹುದು. ವಾಕ್ಯ ಹೇಳುವಾಗ ಕೈಯಾಡಿಸಬೇಡಿ, ಯಾವ ಬೊಂಬೆಯನ್ನೂ ನೋಡಬೇಡಿ. ಒಂದು ನಾಮಪದದ ವಾಕ್ಯ ಹೇಳುವಾಗಲೂ ಎರಡು ಬೊಂಬೆ ಮುಂದಿರಲಿ. ಒಂದನ್ನೇ ಇಟ್ಟರೆ ಮಗು ಮಾಡಿಸಲು ಯಾರೂ ಇಲ್ಲವೆಂದೇ ಮಾಡಿಸದೆ ಬಿಡಬಹುದು, ಆಗ ಅದು ವಾಕ್ಯಕ್ಕೆ ಕೊಟ್ಟ ಉತ್ತರವೆಂದು ಹೇಳಲಾಗುವುದಿಲ್ಲ.