ಸಂಪಿನ ಅಳತೆ ಒಳಗಿನದೋ, ಹೊರಗಿನದೋ

ಮನೆ ಕಟ್ಟಿಸುವವರು ಮೂಲ ಅಗ್ರಿಮೆಂಟನ್ನು ಛಾಪಾ ಕಾಗದದ ಮೇಲೆ ಮಾಡಿಕೊಂಡೇ ಇರುತ್ತಾರೆ. ಜಗಳ ಹತ್ತುವುದು ಆಮೇಲೆ, ಸೈಟಿನಲ್ಲಿ ನಿಂತು ಬಾಯಿಮಾತಲ್ಲಿ ಮುಗಿಸುವ ಎಕ್ಸ್‌ಟ್ರಾ ಕೆಲಸಕ್ಕೆ. ನಮ್ಮಲ್ಲಿ ಅದು ನೀರಿನ ಸಂಪು.

ಗುಂಡಿ ತೋಡುವ ದಿನ "ಸಂಪು ಸ್ವಲ್ಪ ದೊಡ್ಡದಾಗಲಿ" ಅಂದೆ. "ಎಂಟು, ಆರು, ಐದು ಮಾಡೋಣ ಸಾರ್, ನಲವತ್ತು ಸಾವಿರ ಜಾಸ್ತಿ ಆಗುತ್ತೆ" ಅಂದರು ಕಂಟ್ರಾಕ್ಟರು. ಒಪ್ಪಿದೆ. ಸಂಜೆ ವಾಟ್ಸಾಪಿನಲ್ಲಿ ಹೀಗೆ ಬರೆದು ಕಳಿಸಿದೆ:

"ಇವತ್ತು ಸೈಟಿನಲ್ಲಿ ಮಾತಾಡಿದ್ದು ಇಷ್ಟು. ಸಂಪು 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ, ಒಳ ಅಳತೆ. ವಾಟರ್‌ಪ್ರೂಫಿಂಗ್ ಸೇರಿ ಎಕ್ಸ್‌ಟ್ರಾ 40,000 ರೂಪಾಯಿ. ನೀರು ತುಂಬಿಸಿಟ್ಟು, ಸೋರಿಕೆ ಇಲ್ಲ ಅಂತ ನೋಡಿದ ಮೇಲೆ ದುಡ್ಡು. ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ಒಪ್ಪಿಗೆ ಅಂತ ಬರೆಯಿರಿ."

ಬಂದದ್ದು ಒಂದು ಹೆಬ್ಬೆಟ್ಟಿನ ಚಿತ್ರ. ಅದು "ಒಪ್ಪಿದೆ" ಅಂತಲೋ, "ನೋಡಿದೆ" ಅಂತಲೋ? ಫೋನ್ ಮಾಡಿದೆ. ಆಗ ನಿಜವಾದ ಮಾತು ಹೊರಬಂತು. ಅವರು ಹೇಳಿದ್ದು ಹೊರ ಅಳತೆಯಂತೆ, ವಾಟರ್‌ಪ್ರೂಫಿಂಗ್ ಬೇರೆಯಂತೆ. ಮೋಸ ಏನಲ್ಲ, ಅವರ ತಲೆಯಲ್ಲಿ ಇದ್ದದ್ದೇ ಹಾಗೆ.

ಕೇಳಲು ಇದು ಚಿಲ್ಲರೆ ವಿಷಯ, ಅಲ್ವಾ? ಲೆಕ್ಕ ಹಾಕಿ ನೋಡಿ. ಒಳಗೆ 8, 6, 5 ಅಂದರೆ 240 ಘನ ಅಡಿ, ಸುಮಾರು 6,800 ಲೀಟರ್. ಅದೇ 8 ಮತ್ತು 6 ಹೊರ ಅಳತೆಯಾದರೆ, ಆರು ಇಂಚಿನ ಗೋಡೆ ಎರಡೂ ಕಡೆ ಕಳೆದು ಒಳಗೆ 7, 5, 5 ಉಳಿಯುತ್ತದೆ. ಹಿಡಿಯುವುದು ಹೆಚ್ಚುಕಮ್ಮಿ 4,950 ಲೀಟರ್. ಕಾಂಕ್ರೀಟ್ ಬಿದ್ದ ಮೇಲೆ ಯಾರು ಏನು ಹೇಳಿದ್ದರೂ ಗೋಡೆ ಸರಿಯುವುದಿಲ್ಲ.

ಚೌಕಾಸಿ ನಡೆದು, ಒಳ ಅಳತೆ, ವಾಟರ್‌ಪ್ರೂಫಿಂಗ್ ಸೇರಿ 46,000 ಅಂತ ನಿಂತಿತು. "ಫೋನಲ್ಲಿ ಮಾತಾಡಿದಂತೆ" ಅಂತಷ್ಟೇ ಬರೆದರೆ ಪ್ರಯೋಜನವಿಲ್ಲ. ಹೊಸ ಅಂಕಿ ಹಾಕಿ ಪೂರ್ತಿ ಮೆಸೇಜನ್ನು ಮತ್ತೆ ಕಳಿಸಿದೆ. ಅವರು "ಓಕೆ ಸಾರ್, ಒಳ ಅಳತೆ, 46" ಅಂತ ಬರೆದರು. ಅಂಕಿ ಅವರ ಕೈಯಿಂದಲೇ ಬಂದದ್ದು ನನಗೆ ಸಮಾಧಾನ.

ಕಾನೂನಿನಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಸಾಬೀತು ಮಾಡುವುದು ಕಷ್ಟ ಅಷ್ಟೇ. ವಾಟ್ಸಾಪ್ ಮೆಸೇಜನ್ನು ಪ್ರಿಂಟ್ ತೆಗೆದು ಕೋರ್ಟಿಗೆ ಕೊಡಬೇಕಾದರೆ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಅದು ಯಾವ ಫೋನಿನಿಂದ ಬಂದದ್ದು ಅಂತ ತಿಳಿಸುವ ಪ್ರಮಾಣಪತ್ರವೂ ಬೇಕು. ಅದಕ್ಕೇ ಆ ಚಾಟ್ ಇರುವ ಫೋನನ್ನು ಇನ್ನೂ ಮಾರಿಲ್ಲ. ಮೆಸೇಜುಗಳು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆಫ್ ಇದೆಯಾ ಅಂತಲೂ ಮೊದಲೇ ನೋಡಿಕೊಂಡಿದ್ದೆ.

ಕೊನೆಯ ಬಿಲ್ಲಿನಲ್ಲಿ ವಾಟರ್‌ಪ್ರೂಫಿಂಗಿಗೆ ಬೇರೆ 9,000 ಹಾಕಿದ್ದರು. ಮೆಸೇಜ್ ತೋರಿಸಿದೆ. "ಹುಡುಗ ಬರೆದುಬಿಟ್ಟಿದ್ದಾನೆ ಸಾರ್" ಅಂತ ಅಲ್ಲೇ ಹೊಡೆದುಹಾಕಿದರು. ಕೆಳಗೆ ಗೇಟಿನ ಬಣ್ಣಕ್ಕೆ 3,500 ಇತ್ತು. ಅದರ ಬಗ್ಗೆ ಇಬ್ಬರೂ ಏನೂ ಬರೆದಿರಲಿಲ್ಲ. ಅರ್ಧರ್ಧ ಹಾಕಿಕೊಂಡೆವು.