ಬಾಕಿ ಕೇಳುವ ಪತ್ರದಲ್ಲಿ ‘ದಯವಿಟ್ಟು’ ಒಂದೇ ಸಲ ಸಾಕು

“ಐದು ತಿಂಗಳಾಯ್ತು, ಕ್ಲೈಂಟ್ ದುಡ್ಡು ಹಾಕಿಲ್ಲ. ಸಂಬಂಧ ಕೆಡದ ಹಾಗೆ ಒಂದು ಲೆಟರ್ ಬರ್ಕೊಡ್ತೀರಾ?”

ನಿಮ್ಮ ದುಡ್ಡು ಇಟ್ಟುಕೊಂಡು ಕೂತವರಿಗಿಲ್ಲದ ಸಂಬಂಧದ ಚಿಂತೆ ನಿಮಗೇ ಯಾಕೆ? “ಸರ್, ಸುಮ್ಮನೆ ನೆನಪಿಗೆ, ಬಿಡುವಾದಾಗ ನೋಡಿ” ಅಂತ ವಾಟ್ಸಾಪ್ ಹಾಕುತ್ತೀರಿ. ಅದರಲ್ಲಿ ಬಿಲ್ ನಂಬರ್ ಇಲ್ಲ, ಮೊತ್ತ ಇಲ್ಲ, ಗಡುವಿಲ್ಲ. ಅಕೌಂಟ್ಸ್‌ನವರು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಪತ್ರಕ್ಕೆ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ, ನಿಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ 26AS ಪಟ್ಟಿ ತೆಗೆದು ನೋಡಿ. ಎಷ್ಟೋ ಸಲ ಆ ಬಿಲ್ಲಿನ ಟಿಡಿಎಸ್ ಆಗಲೇ ಕಟ್ಟಿರುತ್ತದೆ. ಅಂದರೆ ಬಿಲ್ ಅವರ ಲೆಕ್ಕದ ಪುಸ್ತಕಕ್ಕೆ ಹತ್ತಿದೆ. “ಇನ್ನೂ ಅಪ್ರೂವ್ ಆಗಿಲ್ಲ” ಎಂಬ ಮಾತು ಅಲ್ಲಿಗೆ ಬಿತ್ತು. ಪತ್ರ ಹೀಗಿರಲಿ. ಅದರ ಕೊನೆಯಲ್ಲಿ ಬರುವ ಎಂಎಸ್‌ಎಂಇಡಿ ಸಣ್ಣ ಉದ್ಯಮಗಳ ಕಾಯ್ದೆ, ಕೌನ್ಸಿಲ್ ಅದರಡಿ ಬಾಕಿಯ ವ್ಯಾಜ್ಯ ನೋಡುವ ಸರ್ಕಾರಿ ಮಂಡಳಿ:

“ಮಾನ್ಯರೇ, ಕ್ಯಾಟಲಾಗ್ ಅನುವಾದದ ಬಿಲ್ ನಂ. 14, ದಿನಾಂಕ 5-6-2025, ಮೊತ್ತ ₹60,000. ಕೆಲಸ ಒಪ್ಪಿಕೊಂಡ ನಿಮ್ಮ ಅದೇ ದಿನದ ಇಮೇಲ್ ಲಗತ್ತಿಸಿದ್ದೇನೆ. ಒಪ್ಪಂದದಂತೆ 5-7-2025ರೊಳಗೆ ಪಾವತಿಯಾಗಬೇಕಿತ್ತು. ₹6,000 ಟಿಡಿಎಸ್ ನನ್ನ 26ASನಲ್ಲಿದೆ. ಉಳಿದ ₹54,000 ಬಂದಿಲ್ಲ. ದಯವಿಟ್ಟು 20-11-2025ರೊಳಗೆ ಜಮಾ ಮಾಡಿ. ತಕರಾರಿದ್ದರೆ ಅಷ್ಟರೊಳಗೆ ಬರೆದು ತಿಳಿಸಿ. ಇಲ್ಲವಾದರೆ ಎಂಎಸ್‌ಎಂಇಡಿ ಕಾಯ್ದೆಯ 16ನೇ ಕಲಮಿನ ಬಡ್ಡಿಯೊಂದಿಗೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕುತ್ತೇನೆ.”

ಕೆಲಸ ಕೊಟ್ಟ ಮ್ಯಾನೇಜರ್‌ಗೂ ಅಕೌಂಟ್ಸ್‌ಗೂ ಒಟ್ಟಿಗೇ ಕಳಿಸಿ. ಒಬ್ಬರಿಗೇ ಕಳಿಸಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ತಕರಾರಿನ ಸಾಲು ಮರ್ಯಾದೆಗೆ ಹಾಕಿದ್ದಲ್ಲ. ಕೆಲಸ ಸರಿಯಿಲ್ಲ ಎಂಬ ನೆಪ ಕೌನ್ಸಿಲ್ ಮುಂದೆ ಹುಟ್ಟುವುದಕ್ಕಿಂತ ಈಗಲೇ ಹೊರಬರಲಿ. “ಫಂಡ್ ಬಂದ ಕೂಡಲೇ ಕೊಡ್ತೀವಿ” ಅಂತ ಉತ್ತರ ಬಂದರೆ ಇನ್ನೂ ಒಳ್ಳೆಯದು: ಅದು ಬಾಕಿ ಒಪ್ಪಿಕೊಂಡ ಬರಹ, ದಾವೆಯ ಮೂರು ವರ್ಷದ ಕಾಲಮಿತಿ ಅಲ್ಲಿಂದ ಹೊಸದಾಗಿ ಶುರು. ಫೋನಿನಲ್ಲಿ ಹೇಳಿದ್ದಕ್ಕೆ ಆ ಬೆಲೆಯಿಲ್ಲ. ಅವರು ಫೋನ್ ಮಾಡಿದರೆ, ಮಾತಾಡಿದ್ದನ್ನು ಆಮೇಲೆ ಇಮೇಲ್‌ನಲ್ಲಿ ಬರೆದು ಕಳಿಸಿ.

ಬಡ್ಡಿ ಸಣ್ಣದಲ್ಲ. ಆರ್‌ಬಿಐ ಬ್ಯಾಂಕ್ ರೇಟಿನ ಮೂರರಷ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಈ ಅವಧಿಯಲ್ಲಿ ಬ್ಯಾಂಕ್ ರೇಟ್ 5.75% ಇತ್ತು, ಹಾಗಾಗಿ 17.25%, ಮೊದಲ ತಿಂಗಳಿಗೇ ಸುಮಾರು ₹776. “ನಮ್ಮ ಪಾಲಿಸಿ 90 ದಿನ” ಎಂದರೂ ಕಾಯ್ದೆ 45 ದಿನ ದಾಟಲು ಬಿಡುವುದಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ.

ಆದರೆ ಇದಕ್ಕೆಲ್ಲ ನಿಮಗೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರಬೇಕು, ಅದೂ ಕೆಲಸ ಒಪ್ಪಿಸುವ ಮೊದಲೇ. ನೀವು ಕೇಳಬೇಕಿದ್ದದ್ದು ಇದನ್ನು, ಅದೂ ಮೇ ತಿಂಗಳಲ್ಲಿ. ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುವ ಕೆಲಸ. ಬಾಕಿ ಬಿದ್ದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಉಪಯೋಗಕ್ಕೆ ಬರುತ್ತದೆಂದು ನಂಬಿಕೊಳ್ಳಬೇಡಿ. ನೋಂದಣಿ ಇಲ್ಲದವರು ಕೊನೆಯ ಸಾಲು ತೆಗೆದು “ವಸೂಲಿ ದಾವೆ ಹೂಡುತ್ತೇನೆ” ಎಂದಷ್ಟೇ ಬರೆಯಿರಿ. ಮಾಡಲಾಗದ್ದನ್ನು ಬರೆದರೆ ಅವರ ವಕೀಲರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

20ಕ್ಕೆ ದುಡ್ಡು ಬರಲಿಲ್ಲವೇ? 21ಕ್ಕೆ ಅರ್ಜಿ ಹಾಕಿ. ಇನ್ನೊಂದು ರಿಮೈಂಡರ್ ಬೇಡ.